ಕೋರ್ಟ್ ತೀರ್ಪು ಬರೋ ಮೊದಲೇ ನಷ್ಟ ಬುಕ್ ಮಾಡಬೇಕಾ? ನೋಟ್ಸ್‌ನಲ್ಲಿ ಹಾಕಿದರೆ ಸಾಲದಾ?

ಪ್ರಶ್ನೆ (ಅಕೌಂಟ್ಸ್ ವಿಭಾಗದಲ್ಲಿ ಕೆಲಸ):
ನಮ್ಮದು ವಾಲ್ವ್ ತಯಾರಿಸುವ ಕಂಪನಿ, ಐಎಎಸ್ ಅನ್ನೋ ಅಂತರರಾಷ್ಟ್ರೀಯ ಅಕೌಂಟಿಂಗ್ ಸ್ಟ್ಯಾಂಡರ್ಡ್ ಪ್ರಕಾರ ಲೆಕ್ಕ. ಅಕ್ಟೋಬರ್‌ನಲ್ಲಿ ನಮ್ಮ ಒಂದು ವಾಲ್ವ್ ಲೀಕ್ ಆಗಿ ಗ್ರಾಹಕರ ಟ್ಯಾಂಕಿನಲ್ಲಿದ್ದ ಸರಕು ಪೂರ್ತಿ ಹಾಳಾಯ್ತು. ನಮ್ಮ ವರ್ಷ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಜನವರಿ 22ಕ್ಕೆ ಅವರ ವಕೀಲರ ನೋಟಿಸ್ ಬಂತು, 80 ಲಕ್ಷ ಕೇಳಿದ್ದಾರೆ. ಕೇಸ್ ಇನ್ನೂ ಹಾಕಿಲ್ಲ. ಲೆಕ್ಕಪತ್ರಕ್ಕೆ ಸಹಿ ಆಗೋದು ಮಾರ್ಚ್ ಮಧ್ಯದಲ್ಲಿ. ಎಂಡಿ ಹೇಳೋದು: "ಕೇಸೇ ಇಲ್ಲ, ಎಷ್ಟು ಕೊಡಬೇಕು ಅಂತಾನೂ ಗೊತ್ತಿಲ್ಲ, ಕಂಟಿಂಜೆಂಟ್ ಲಯಬಿಲಿಟಿ ಅಂತ ನೋಟ್ಸ್‌ನಲ್ಲಿ ಎರಡು ಸಾಲು ಹಾಕಿ." ವಕೀಲರೂ "ನಮ್ಮ ವಾದ ಚೆನ್ನಾಗಿದೆ" ಅಂತ ಒಂದು ಪತ್ರ ಕೊಟ್ಟಿದ್ದಾರೆ. ಇಷ್ಟು ಸಾಕಾ?

ಅಕೌಂಟ್ಸ್‌ನಲ್ಲೇ ಇರುವ ಇನ್ನೊಬ್ಬರು:
ಸಾಕು. ನೋಟಿಸ್ ಬಂದಿದ್ದೇ ಜನವರಿಯಲ್ಲಿ, ಅದು ಮುಂದಿನ ವರ್ಷದ ವಿಷಯ. ಕೋರ್ಟ್ ತೀರ್ಪು ಬಂದಾಗ ಬುಕ್ ಮಾಡಿದರಾಯ್ತು.

ಹಿರಿಯ ಆಡಿಟರ್:
ಇಲ್ಲ, ಇಲ್ಲಿ ತಪ್ಪಾಗ್ತಿದೆ. ನೋಡಬೇಕಾದ ತಾರೀಖು ನೋಟಿಸಿನದೂ ಅಲ್ಲ, ತೀರ್ಪಿನದೂ ಅಲ್ಲ. ವಾಲ್ವ್ ಲೀಕ್ ಆದ ದಿನ ನೋಡಿ. ಹೊಣೆ ಅಂತ ಒಂದಿದ್ದರೆ ಅದು ಹುಟ್ಟಿದ್ದು ಅಕ್ಟೋಬರ್‌ನಲ್ಲಿ, ನೋಟಿಸ್ ಬರೀ ಅದರ ಸುದ್ದಿ ತಂದಿದೆ ಅಷ್ಟೆ. ಲೀಕ್ ಆಗಿದ್ದೇ ಜನವರಿ 5ಕ್ಕೆ ಅಂತಿದ್ದರೆ ಡಿಸೆಂಬರ್ ಲೆಕ್ಕದಲ್ಲಿ ಪ್ರಾವಿಷನ್, ಅಂದರೆ ಅಂದಾಜು ಮಾಡಿ ಬುಕ್ ಮಾಡುವ ಹೊಣೆ, ಬರುತ್ತಿರಲಿಲ್ಲ, ವಿಷಯ ದೊಡ್ಡದಾಗಿದ್ದರೆ ನೋಟ್ಸ್‌ನಲ್ಲಿ ಹೇಳಿದರೆ ಮುಗೀತಿತ್ತು. ನಿಮ್ಮದು ಹಾಗಲ್ಲ.

ಮುಂದಿನ ಪ್ರಶ್ನೆ, ಡಿಸೆಂಬರ್ 31ಕ್ಕೆ ನಿಮ್ಮ ಮೇಲೆ ಹೊಣೆ ಇತ್ತು ಅನ್ನೋದು ಇಲ್ಲ ಅನ್ನೋದಕ್ಕಿಂತ ಜಾಸ್ತಿ ಸಂಭವನೀಯವಾ? ದುಡ್ಡು ಕೈಬಿಡೋದೂ ಹಾಗೇನಾ? ತಕ್ಕಡಿ 50ರಿಂದ ಆಚೆ ವಾಲಿದರೆ ಸಾಕು, ಬುಕ್ ಮಾಡಬೇಕು. ವಾಲದಿದ್ದರೆ ನೋಟ್ಸ್. ಅಂಥ ಸಾಧ್ಯತೆ ತೀರಾ ದೂರದ್ದಾದರೆ ನೋಟ್ಸೂ ಬೇಡ. ಇದನ್ನು ತೂಗುವಾಗ ಸಹಿ ಆಗುವ ದಿನದವರೆಗೆ ಕೈಗೆ ಸಿಕ್ಕ ಎಲ್ಲ ಸಾಕ್ಷ್ಯವನ್ನೂ ತಕ್ಕಡಿಗೆ ಹಾಕಬೇಕು, ಜನವರಿ ಫೆಬ್ರವರಿಯಲ್ಲಿ ಗೊತ್ತಾಗಿದ್ದೂ ಸೇರಿಸಿ.

"ಎಷ್ಟು ಅಂತ ಗೊತ್ತಿಲ್ಲ" ಅನ್ನೋ ಮಾತು ಬಹಳ ಸಲ ಕೇಳಿದ್ದೀನಿ. ಪಕ್ಕಾ ಮೊತ್ತ ಗೊತ್ತಿಲ್ಲ ಅನ್ನೋ ಕಾರಣಕ್ಕೇ ಅಲ್ವಾ ಅದನ್ನು ಪ್ರಾವಿಷನ್ ಅನ್ನೋದು? ಅಂದಾಜೇ ಮಾಡೋಕಾಗಲ್ಲ ಅನ್ನೋ ಪರಿಸ್ಥಿತಿ ತೀರಾ ಅಪರೂಪ ಅಂತ ಐಎಎಸ್ 37 ನೇರವಾಗಿಯೇ ಹೇಳುತ್ತದೆ.

ಈಗ ನನಗೊಂದು ಹೇಳಿ. ಕೆಟ್ಟ ವಾಲ್ವ್ ವಾಪಸ್ ಬಂತಾ? ನಿಮ್ಮವರು ಅದನ್ನು ಬಿಚ್ಚಿ ನೋಡಿದ್ದಾರಾ? ಆ ವರದಿಯನ್ನು ವಕೀಲರು ಓದಿದ್ದಾರಾ?

ಪ್ರಶ್ನೆ ಕೇಳಿದವರು:
ಬಂತು ಮೇಡಂ. ನವೆಂಬರ್‌ನಲ್ಲೇ ಕ್ವಾಲಿಟಿ ವಿಭಾಗದವರು ಬಿಚ್ಚಿದ್ದಾರೆ. ವರದಿಯಲ್ಲಿ "ಆರ್ಡರ್‌ನಲ್ಲಿ ಹೇಳಿದ ಗ್ರೇಡಿನ ಗ್ಯಾಸ್ಕೆಟ್ ಅಲ್ಲ, ಬೇರೆ ಗ್ರೇಡಿನದು ಕೂರಿಸಲಾಗಿದೆ, ಅಂಚು ಊದಿಕೊಂಡು ಸೀಳಿದೆ" ಅಂತ ಫೋಟೋ ಸಮೇತ ಇದೆ. ನಮ್ಮ ಸರ್ವಿಸ್ ಎಂಜಿನಿಯರ್ ಗ್ರಾಹಕರಿಗೆ "ತಪ್ಪು ನಮ್ಮ ಕಡೆಯದು ಅನ್ನಿಸುತ್ತೆ, ಕ್ಷಮಿಸಿ" ಅಂತ ಮೇಲ್ ಕೂಡ ಹಾಕಿದ್ದಾರೆ. ಈ ಎರಡೂ ವಕೀಲರ ಹತ್ತಿರ ಹೋಗಿಲ್ಲ. ಅವರಿಗೆ ನೋಟಿಸ್ ಮತ್ತು ಒಪ್ಪಂದ ಮಾತ್ರ ಕಳಿಸಿದ್ದೆವು.

ಹಿರಿಯ ಆಡಿಟರ್:
ಹಾಗಾದರೆ ಆ ಪತ್ರಕ್ಕೆ ಬೆಲೆ ಇಲ್ಲ. ಅದು ವಕೀಲರ ತಪ್ಪಲ್ಲ, ಅವರಿಗೆ ಕೊಟ್ಟಿದ್ದನ್ನು ನೋಡಿ ಬರೆದಿದ್ದಾರೆ. ವರದಿ, ಮೇಲ್ ಎರಡೂ ಇವತ್ತೇ ಕಳಿಸಿ. ಪತ್ರದಲ್ಲಿ "ವಾದ ಚೆನ್ನಾಗಿದೆ" ಅಂತ ಬರೆಸಿಕೊಳ್ಳಬೇಡಿ, ಅದರಿಂದ ತಕ್ಕಡಿ ಯಾವ ಕಡೆ ಅಂತ ಗೊತ್ತಾಗಲ್ಲ. ನಾವು ಹೊಣೆ ಅಂತ ತೀರ್ಮಾನವಾಗುವ ಸಾಧ್ಯತೆ 50ಕ್ಕಿಂತ ಮೇಲಾ ಕೆಳಗಾ ಅಂತ ಕೇಳಿ. ಹೊಣೆ ಅಂತಾದರೆ ಎಷ್ಟು ಕೊಡಬೇಕಾದೀತು, 80ರಲ್ಲಿ ಯಾವ ಯಾವ ಬಾಬ್ತು ನಿಲ್ಲುತ್ತೆ ಅಂತಲೂ ಕೇಳಿ.

ಇನ್ನೊಬ್ಬ ಸದಸ್ಯರು:
ನಮ್ಮಲ್ಲೂ ಕೋರ್ಟ್ ಕೇಸ್ ನಡೀತಿದೆ. ಸಪ್ಲೈಯರ್ ನಮಗೆ 40 ಲಕ್ಷ ಕೊಡಬೇಕು. ಗೆಲ್ಲುವ ಸಾಧ್ಯತೆ 70% ಅಂತ ವಕೀಲರು ಬರೆದುಕೊಟ್ಟಿದ್ದಾರೆ. ಹಾಗಾದರೆ 50 ದಾಟಿತಲ್ಲ, 40 ಲಕ್ಷ ಆದಾಯ ಅಂತ ಹಾಕಬಹುದಲ್ವಾ ಮೇಡಂ?

ಹಿರಿಯ ಆಡಿಟರ್:
ಹಾಕಬಾರದು. ನಿಮ್ಮದು ಬರಬೇಕಾದ ದುಡ್ಡು, ಅವರದು ಹೋಗಬೇಕಾದ ದುಡ್ಡು. ಎರಡಕ್ಕೂ ಒಂದೇ ಅಳತೆ ಇಲ್ಲ. ಬರುವುದು ಬಹುತೇಕ ಖಚಿತ ಅನ್ನೋ ಮಟ್ಟಕ್ಕೆ ಬರೋವರೆಗೆ ಬುಕ್ ಇಲ್ಲ. 70% ಇದ್ದರೆ ನೋಟ್ಸ್‌ನಲ್ಲಿ ಹೇಳಿ, ಅಲ್ಲಿಗೆ ನಿಲ್ಲಿಸಿ.

ಪ್ರಶ್ನೆ ಕೇಳಿದವರು (ಹತ್ತು ದಿನ ಬಿಟ್ಟು):
ಮೇಡಂ, ವಕೀಲರ ಹೊಸ ಪತ್ರ ಬಂತು. ಪೂರ್ತಿ ಬೇರೆಯೇ ಇದೆ. 80ರಲ್ಲಿ 30 ಲಕ್ಷ ಹಾಳಾದ ಸರಕಿನ ಬೆಲೆ, 50 ಲಕ್ಷ ವ್ಯಾಪಾರ ನಿಂತು ಹೋದ ನಷ್ಟ. ಒಪ್ಪಂದದಲ್ಲಿ ವ್ಯಾಪಾರ ನಷ್ಟ ನಮಗೆ ಸಂಬಂಧವಿಲ್ಲ ಅಂತ ಒಂದು ಕಲಂ ಇದೆ, ಆದರೆ ನಮ್ಮ ಕಡೆ ಘೋರ ಅಜಾಗ್ರತೆ ಅಂತ ಆದರೆ ಅದು ನಿಲ್ಲದೇ ಹೋಗಬಹುದು ಅಂತೆ. ಅವರ ಅಂದಾಜು: ಏನೂ ಕೊಡಬೇಕಾಗದೇ ಇರೋದು 30%, 30 ಲಕ್ಷ ಕೊಡೋದು 45%, ಪೂರ್ತಿ 80 ಕೊಡೋದು 25%.

ಅಕೌಂಟ್ಸ್‌ನಲ್ಲೇ ಇರುವ ಇನ್ನೊಬ್ಬರು:
ಸರಿ, ನನ್ನ ಮೊದಲ ಮಾತು ವಾಪಸ್, ಪ್ರಾವಿಷನ್ ಮಾಡಲೇಬೇಕು. ಆದರೆ ಪೂರ್ತಿ 30 ಲಕ್ಷ ಬೇಕಾಗಲ್ಲ. ಸೋಲುವ ಸಾಧ್ಯತೆ 70% ತಾನೇ, 30ರ 70% ಅಂದರೆ 21 ಲಕ್ಷ ಬುಕ್ ಮಾಡಿದರೆ ಸಾಕು.

ಹಿರಿಯ ಆಡಿಟರ್:
ಮೊದಲ ಅರ್ಧ ಸರಿ. 45 ಮತ್ತು 25 ಕೂಡಿದರೆ 70, ಹೊಣೆ ಇದೆ ಅನ್ನೋ ಕಡೆಗೇ ತಕ್ಕಡಿ ವಾಲಿದೆ. ಆದರೆ ಸಾಧ್ಯತೆಯ ಕೆಲಸ ಅಲ್ಲಿಗೆ ಒಂದು ಸಲ ಮುಗೀತು, ಬುಕ್ ಮಾಡಬೇಕಾ ಬೇಡವಾ ಅಂತ ತೀರ್ಮಾನಿಸಿದ್ದಾಯ್ತು. ಮತ್ತೆ ಅದರಿಂದಲೇ ಮೊತ್ತವನ್ನು ಗುಣಿಸಿ ಇಳಿಸಬೇಡಿ. 21 ಲಕ್ಷ ಅನ್ನೋ ಚೆಕ್ಕನ್ನು ಈ ಕೇಸಿನಲ್ಲಿ ಯಾರೂ ಬರೆಯೋದಿಲ್ಲ. ಸೊನ್ನೆ, 30, ಇಲ್ಲ 80, ಅಷ್ಟೇ. ನಿಮ್ಮ ಲೆಕ್ಕದಲ್ಲಿ 80ರ ಸಾಧ್ಯತೆಯೂ ಬಿಟ್ಟುಹೋಗಿದೆ.

ಗುಣಿಸಿ ಕೂಡುವ ಲೆಕ್ಕಕ್ಕೆ ಅದರದೇ ಜಾಗ ಇದೆ. ಸಾವಿರಾರು ವಾಲ್ವ್ ಮಾರಿದ್ದೀರಿ, ವಾರಂಟಿಯಲ್ಲಿ ನೂರಕ್ಕೆ ಇಷ್ಟು ವಾಪಸ್ ಬರುತ್ತೆ ಅಂದಾಗ ಸರಾಸರಿ ನಿಜವಾಗಿಯೂ ಖರ್ಚಿನ ಹತ್ತಿರ ಬರುತ್ತದೆ. ಒಂದೇ ಒಂದು ಕೇಸ್ ಇದ್ದಾಗ ಎಲ್ಲಕ್ಕಿಂತ ಸಂಭವನೀಯ ಫಲಿತಾಂಶ ಯಾವುದೋ ಅಲ್ಲಿಂದ ಶುರು ಮಾಡಿ. ನಿಮ್ಮದರಲ್ಲಿ ಅದು 30. ಲಾಭ ನಷ್ಟಕ್ಕೆ 30 ಲಕ್ಷ ಡೆಬಿಟ್, ಪ್ರಾವಿಷನ್‌ಗೆ 30 ಲಕ್ಷ ಕ್ರೆಡಿಟ್. ಇನ್ನೂ 50 ಲಕ್ಷ ಹೋಗುವ ಸಾಧ್ಯತೆ ಇದೆ ಅನ್ನೋದು ನೋಟ್ಸ್‌ನಲ್ಲಿ ಬರಲಿ.

ಬೇರೊಬ್ಬ ಆಡಿಟರ್:
ನಾನು ಇಲ್ಲಿ ಸ್ವಲ್ಪ ಬೇರೆ ಹೇಳ್ತೀನಿ. 30ರಿಂದ ಶುರು ಮಾಡೋದು ಸರಿ, ಆದರೆ ಉಳಿದ ಫಲಿತಾಂಶಗಳನ್ನೂ ನೋಡಿ ಅಂತ ಅದೇ ಸ್ಟ್ಯಾಂಡರ್ಡ್ ಹೇಳುತ್ತೆ. ಹೊಣೆ ಇದೆ ಅಂತ ಒಪ್ಪಿಕೊಂಡ ಮೇಲೆ ಉಳಿದಿರೋದು 30 ಮತ್ತು 80, ಅಂದರೆ ತಪ್ಪಿದರೆ ಮೇಲಕ್ಕೇ ತಪ್ಪುತ್ತೆ. ನಾನಾದರೆ 30ಕ್ಕೆ ಒಪ್ಪಲ್ಲ, ಮೇಲೆ ಏನಾದರೂ ಸೇರಿಸಿ ಅಂತೀನಿ.

ಹಿರಿಯ ಆಡಿಟರ್:
ಹಾಗೆ ನೋಡೋರೂ ಇದ್ದಾರೆ ಸರ್, ತಪ್ಪು ಅನ್ನಲ್ಲ. ಆದರೆ ಏನೂ ಕೊಡಬೇಕಾಗದ 30% ಇನ್ನೂ ಇದೆ, 30ರ ಎರಡೂ ಕಡೆ ಸುಮಾರು ಸಮ ಇದೆ ಅಂತ ನಾನು ಓದ್ತೀನಿ. ಮೂರನ್ನೂ ಗುಣಿಸಿ ಕೂಡಿದರೆ 33.5 ಬರುತ್ತೆ, ಅದು 30ರಿಂದ ಬಹಳ ದೂರ ಇಲ್ಲ ಅನ್ನೋದು ನನಗೆ ಸಮಾಧಾನ. ಅದು 50 ಅಂತ ಬಂದಿದ್ದರೆ ನಾನೂ ನಿಮ್ಮ ಪಕ್ಕ ಕೂರ್ತಿದ್ದೆ.

ಪ್ರಶ್ನೆ ಕೇಳಿದವರು:
ಎಂಡಿಗೆ ಎರಡು ವಿಷಯ ಇಷ್ಟವಾಗಲಿಲ್ಲ. ಒಂದು, ನಮಗೆ ಇನ್ಶೂರೆನ್ಸ್ ಇದೆ, 20 ಲಕ್ಷ ಬರುತ್ತೆ, ಹಾಗಾಗಿ ನಿವ್ವಳ 10 ಮಾತ್ರ ಹಾಕಿ ಅಂತಾರೆ. ಎರಡು, ನಾವೇ 30 ಅಂತ ಛಾಪಿಸಿದರೆ ಎದುರಿನವರ ವಕೀಲರು ಓದಿ "ಇವರೇ ಒಪ್ಪಿಕೊಂಡರು" ಅನ್ನಲ್ವಾ ಅಂತ ಭಯ. ವಾರಂಟಿ ಪ್ರಾವಿಷನ್ ಜೊತೆ ಸೇರಿಸಿ ತೋರಿಸಿ ಅಂತಲೂ ಹೇಳಿದರು.

ಹಿರಿಯ ಆಡಿಟರ್:
ಇನ್ಶೂರೆನ್ಸ್ ಕಂಪನಿ ಕ್ಲೈಮ್ ಒಪ್ಪಿ ಲಿಖಿತವಾಗಿ ಕೊಟ್ಟಿದೆಯಾ? ಇಲ್ಲ ಅಂದರೆ ಆ 20 ಸದ್ಯಕ್ಕೆ ಲೆಕ್ಕದಲ್ಲಿ ಇಲ್ಲ. ಕೊಟ್ಟಿದ್ದರೂ ಬ್ಯಾಲೆನ್ಸ್ ಶೀಟಿನಲ್ಲಿ 30ರಿಂದ ಕಳೆಯಬಾರದು. ಗ್ರಾಹಕರಿಗೆ ಪೂರ್ತಿ 30 ಕೊಡಬೇಕಾದವರು ನೀವೇ, ಆದ್ದರಿಂದ ಹೊಣೆ 30 ಅಂತಲೇ ಇರುತ್ತೆ, ಬರುವ 20 ಬೇರೆ ಆಸ್ತಿಯಾಗಿ ಕೂರುತ್ತೆ. ಖರ್ಚಿನ ಸಾಲಿನಲ್ಲಿ ಮಾತ್ರ ನಿವ್ವಳ ತೋರಿಸಬಹುದು.

ಎದುರಿನವರ ಭಯ ಸುಳ್ಳಲ್ಲ, ನನಗೂ ಅದು ಅರ್ಥವಾಗುತ್ತೆ. ಆದರೆ ಬುಕ್ ಮಾಡೋದರಿಂದ ವಿನಾಯಿತಿ ಇಲ್ಲ. ವಿನಾಯಿತಿ ಇರೋದು ವಿವರ ಬರೆಯೋದರಲ್ಲಿ, ಅದೂ ಬಹಳ ಅಪರೂಪಕ್ಕೆ, ಬರೆದರೆ ಕೇಸಿಗೆ ಗಂಭೀರ ಪೆಟ್ಟು ಬೀಳುತ್ತೆ ಅಂತಿದ್ದಾಗ. ಆಗಲೂ ಒಂದು ವಿವಾದ ಇದೆ, ಅದು ಇಂಥ ಬಗೆಯದು, ಉಳಿದ ವಿವರ ಈ ಕಾರಣಕ್ಕೆ ಕೊಟ್ಟಿಲ್ಲ ಅಂತ ಬರೆಯಲೇಬೇಕು. ವಾರಂಟಿ ಜೊತೆ ಸೇರಿಸೋದು ಬೇಡ. ಮಾಮೂಲಿ ವಾರಂಟಿಯನ್ನೂ ವ್ಯಾಜ್ಯದ ಮೊತ್ತವನ್ನೂ ಒಂದೇ ಗುಂಪಿನಲ್ಲಿ ಹಾಕಬಾರದು ಅಂತ ಸ್ಟ್ಯಾಂಡರ್ಡ್ ಇದೇ ಉದಾಹರಣೆ ಕೊಡುತ್ತೆ.

ಪ್ರಶ್ನೆ ಕೇಳಿದವರು:
ಕೊನೇ ಪ್ರಶ್ನೆ ಮೇಡಂ. ಮುಂದೆ ಕೇಸ್ ನಡೆಸೋಕೆ ವಕೀಲರ ಫೀಸ್ 6 ಲಕ್ಷ ಆಗಬಹುದು, ಅದನ್ನೂ ಸೇರಿಸಲಾ? ಆಮೇಲೆ ಸಹಿಗೆ ಮೊದಲೇ 34ಕ್ಕೆ ರಾಜಿ ಆದರೆ ಏನು ಮಾಡೋದು? ಮಾತುಕತೆ ನಡೀತಿದೆ.

ಹಿರಿಯ ಆಡಿಟರ್:
ಫೀಸ್ ಸೇರಿಸಬೇಡಿ. ಆ ಕೆಲಸ ಅವರು ಇನ್ನೂ ಮಾಡಿಲ್ಲ, ಮಾಡಿದ ಹಾಗೆ ಖರ್ಚು ಬರುತ್ತೆ. ಡಿಸೆಂಬರ್ ತನಕ ಮಾಡಿದ ಕೆಲಸದ ಬಿಲ್ ಬಾಕಿ ಇದ್ದರೆ ಅಷ್ಟು ಮಾತ್ರ ಹಾಕಿ.

ರಾಜಿ ಸಹಿಗೆ ಮೊದಲು ಆದರೆ 30 ತೆಗೆದು ಡಿಸೆಂಬರ್ ಲೆಕ್ಕದಲ್ಲೇ 34 ಮಾಡಿ, ಯಾಕೆಂದರೆ ಆ ದಿನ ಇದ್ದ ಹೊಣೆ ಎಷ್ಟು ಅನ್ನೋದನ್ನೇ ರಾಜಿ ತೋರಿಸಿಕೊಡುತ್ತೆ. ಸಹಿ ಆದ ಮೇಲೆ ಆದರೆ 4 ಲಕ್ಷ ಮುಂದಿನ ವರ್ಷದ ಖರ್ಚು, ಹಳೇ ಲೆಕ್ಕ ತಿದ್ದೋದು ಬೇಡ. ಅವತ್ತು ಇದ್ದ ಸಾಕ್ಷ್ಯಕ್ಕೆ 30 ಸರಿಯಾದ ಅಂದಾಜೇ ಆಗಿತ್ತು. ವಕೀಲರ ಎರಡೂ ಪತ್ರ ಮತ್ತು ಗ್ಯಾಸ್ಕೆಟ್ ವರದಿಯನ್ನು ಫೈಲಿನಲ್ಲಿ ಇಟ್ಟುಕೊಳ್ಳಿ, ಮುಂದಿನ ವರ್ಷ ನಾನಲ್ಲದೆ ಬೇರೆ ಯಾರೇ ಆಡಿಟ್‌ಗೆ ಬಂದರೂ ಮೊದಲು ಕೇಳೋದು ಅದನ್ನೇ.

ಬೇರೊಬ್ಬ ಆಡಿಟರ್:
ರಾಜಿ 34ಕ್ಕೆ ಆದರೆ ನನ್ನ ಮಾತು ಸರಿ ಅಂತಲೂ ಅಲ್ಲ, ತಪ್ಪು ಅಂತಲೂ ಅಲ್ಲ. ಆಗದೇ ಹೋದರೆ ಮಾತ್ರ ಆ 80ನ್ನು ಮತ್ತೊಮ್ಮೆ ಗಟ್ಟಿಯಾಗಿ ನೋಡಿ, ಅಜಾಗ್ರತೆಯ ವಿಷಯ ನನಗೆ ಇನ್ನೂ ಸಮಾಧಾನ ಆಗಿಲ್ಲ.