ಓಟಿಪಿ ಹಂತದ ‘ಡ್ರಾಪ್ ಆಫ್’: ‘ಬಿಟ್ಟುಹೋದವರು’ ಅಂದರೆ ಸರಿಯೇ?

ಎಲ್ಲರಿಗೂ ನಮಸ್ಕಾರ. ರಾಯಚೂರಿನಿಂದ ಬರೆಯುತ್ತಿದ್ದೇನೆ. ಹತ್ತಿ, ಭತ್ತ, ತೊಗರಿಯ ದರ ತೋರಿಸುವ ಒಂದು ಸಣ್ಣ ಮೊಬೈಲ್ ಆ್ಯಪ್‌ನಲ್ಲಿ ನನ್ನ ಕೆಲಸ. ಪ್ರತಿ ಸೋಮವಾರ ಒಂದು ವರದಿ ಮಾಡುತ್ತೇನೆ. ಹಿಂದಿನ ವಾರ ಹೊಸದಾಗಿ ಬಂದವರು ಯಾವ ಹಂತದವರೆಗೆ ಬಂದರು, ಎಲ್ಲಿ ಕಡಿಮೆಯಾದರು ಅನ್ನೋದು ಅದರಲ್ಲಿ ಇರುತ್ತದೆ. ಫನಲ್ ರಿಪೋರ್ಟ್ ಅನ್ನುತ್ತಾರೆ. ಜನ ಕಡಿಮೆಯಾಗುವುದಕ್ಕೆ ಡ್ರಾಪ್ ಆಫ್. ಇದನ್ನು ಓದುವವರು ಹಳ್ಳಿ ಹಳ್ಳಿ ತಿರುಗಿ ರೈತರ ಫೋನಿಗೆ ಆ್ಯಪ್ ಹಾಕಿಕೊಡುವ ನಮ್ಮ ಹುಡುಗರು. ಅದಕ್ಕೇ ಕನ್ನಡದಲ್ಲಿ ಬರೆಯುತ್ತೇನೆ.

ಒಂದು ವಾರದ ಲೆಕ್ಕ ಹೀಗಿತ್ತು. ಆ್ಯಪ್ ತೆರೆದವರು 400. ಭಾಷೆ ಆರಿಸಿದವರು 380. ಮೊಬೈಲ್ ನಂಬರ್ ಕೊಟ್ಟವರು 300. ಓಟಿಪಿ ಹಾಕಿ ಒಳಗೆ ಬಂದವರು 190. ತಾಲ್ಲೂಕು ಆರಿಸಿ ದರ ನೋಡಿದವರು 171. ನಾನು ಬರೆದ ಸಾಲು: “ಓಟಿಪಿ ಹಂತದಲ್ಲಿ 110 ಜನ, ಅಂದರೆ ಶೇ. 37ರಷ್ಟು, ಬಿಟ್ಟುಹೋದರು.”

ಹುಡುಗರು ಇದನ್ನು ಓದಿ, ಇವರೆಲ್ಲ ಆ್ಯಪ್ ತೆಗೆದುಹಾಕಿದ್ದಾರೆ ಅಂತ ತಿಳಿದರು. ತಾವೇ ಆ್ಯಪ್ ಹಾಕಿಕೊಟ್ಟಿದ್ದ ಕೆಲವರ ಮನೆಗೆ ಹೋಗಿ “ಯಾಕೆ ಬಿಟ್ಟಿರಿ?” ಎಂದು ಕೇಳಿದರು. ಅವರಿಗೆ ಬೇಸರವಾಯಿತು. “ನಾವೆಲ್ಲಿ ಬಿಟ್ಟೆವು? ಒಳಗೇ ಹೋಗಲಿಕ್ಕೆ ಆಗಲಿಲ್ಲ” ಎಂದರು. ತಪ್ಪು ನನ್ನ ಪದದ್ದು ಅನಿಸುತ್ತಿದೆ. ಡ್ರಾಪ್ ಆಫ್‌ಗೆ ಏನು ಬರೆಯಲಿ? ಫನಲ್‌ಗೆ ಕೂಡ ಒಂದು ಮಾತು ಹೇಳಿ.

ಕೊಪ್ಪಳದಿಂದ, ನಿವೃತ್ತ ಮೇಷ್ಟ್ರು

ತಂಗಿ, ಫನಲ್‌ಗೆ ಲಾಳಿಕೆ ಇದೆ, ಆಲಿಕೆ ಎಂದೂ ಬರೆಯುತ್ತಾರೆ. ಆದರೆ ನಿನ್ನ ವರದಿಗೆ ಅದು ಹೊಂದುವುದಿಲ್ಲ. ಸೀಮೆಎಣ್ಣೆ ಸುರಿಯುವಾಗ ಡಬ್ಬಿಗೆ ಲಾಳಿಕೆ ಇಡುತ್ತಿದ್ದದ್ದು ಒಂದು ಹನಿಯೂ ಚೆಲ್ಲಬಾರದು ಅಂತ. ಮೇಲೆ ಹಾಕಿದ್ದು ಅಷ್ಟೂ ಕೆಳಗೆ ಇಳಿಯಬೇಕು. ನಿನ್ನಲ್ಲಿ 400 ಹಾಕಿದರೆ 171 ಇಳಿಯುತ್ತದೆ.

ನಮ್ಮ ಕಡೆಯವರಿಗೆ ಕಾಲುವೆ ಹೇಳಿದರೆ ಥಟ್ಟನೆ ತಿಳಿಯುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ನೀರು ತುಂಬಿ ಹರಿದರೂ ನಿಮ್ಮ ರಾಯಚೂರು ಕಡೆ ಕೊನೆಭಾಗಕ್ಕೆ ಮುಟ್ಟುವುದಿಲ್ಲ ಅಂತ ವರ್ಷವರ್ಷ ಕೂಗು ಇದ್ದದ್ದೇ. ಆ ‘ಮುಟ್ಟು’ ಅನ್ನುವ ಮಾತನ್ನೇ ತಗೋ. ಓಟಿಪಿ ಮುಟ್ಟಿದವರು, ದರ ಮುಟ್ಟಿದವರು. ಮುಟ್ಟದೇ ಇದ್ದರೆ ತಪ್ಪು ಅವರದು ಅಂತ ಆ ಮಾತು ಹೇಳುವುದಿಲ್ಲ.

ಗಂಗಾವತಿಯಿಂದ, ಅಕ್ಕಿ ವ್ಯಾಪಾರಿ

ಮೇಡಂ, ನನಗೂ ಹೀಗೇ ಆಗಿದೆ, ದಯವಿಟ್ಟು ಸರಿಮಾಡಿಕೊಡಿ. ನಿಮ್ಮದೇ ಆ್ಯಪೋ ಬೇರೆಯದೋ ಗೊತ್ತಿಲ್ಲ. ನಾನು ಎಲ್ಲ ಕಡೆ ಕೊಡುವ ನಂಬರಿನ ಸಿಮ್ ಮಗನ ಫೋನಿನಲ್ಲಿದೆ. ಅವನು ಬೆಂಗಳೂರಿನಲ್ಲಿ ಇದ್ದಾನೆ. ಓಟಿಪಿ ಅಲ್ಲಿಗೆ ಹೋಗುತ್ತದೆ. ಅವನು ಕೆಲಸ ಮುಗಿಸಿ ಫೋನ್ ಮಾಡಿ ಹೇಳುವಷ್ಟರಲ್ಲಿ ಅದರ ಸಮಯ ಮುಗಿದಿರುತ್ತದೆ. ನಾನು ಬಿಟ್ಟವನಲ್ಲ, ಇನ್ನೂ ಕಾಯುತ್ತಿದ್ದೇನೆ.

ಸಿಂಧನೂರಿನಿಂದ

ಪದ ಆಮೇಲೆ ನೋಡೋಣ, ಮೊದಲು ಲೆಕ್ಕ ಸರಿಯಿಲ್ಲ ಅಲ್ವಾ? ಬಂದವರು 400, ಹೋದವರು 110. ಶೇ. 27.5 ಆಗಬೇಕು. 37 ಎಲ್ಲಿಂದ ಬಂತು?

ದೇವದುರ್ಗದಿಂದ, ಶಿಕ್ಷಕಿ

ನಮ್ಮಲ್ಲಿ ಈ ಪದದ ಗೋಳು ಹಳೆಯದು. ಡ್ರಾಪ್ ಔಟ್‌ಗೆ ‘ಶಾಲೆ ಬಿಟ್ಟ ಮಕ್ಕಳು’ ಎಂದು ಬರೆಯುತ್ತೇವೆ. ಅಪ್ಪ ಅಮ್ಮನ ಜೊತೆ ಗುಳೆ ಹೋದ ಮಗುವೂ ಅದೇ ಸಾಲಿಗೆ ಬೀಳುತ್ತದೆ. ಮಗು ಬಿಟ್ಟಿತೇ, ಬಿಡಿಸಿದರೇ? ‘ಶಾಲೆಯಿಂದ ಹೊರಗುಳಿದ ಮಕ್ಕಳು’ ಎಂಬ ಮಾತು ಎಷ್ಟೋ ವಾಸಿ. ಯಾರ ಮೇಲೂ ತಪ್ಪು ಹೊರಿಸುವುದಿಲ್ಲ. ಗುಳೆ ಹೋದವರು ಮಳೆ ಬಿದ್ದ ಮೇಲೆ ಮರಳಿ ಬರುತ್ತಾರೆ ಅನ್ನೋದೂ ನೆನಪಿರಲಿ. ನೀವು ಎಣಿಸಿದ ದಿನ ಇರಲಿಲ್ಲ, ಅಷ್ಟೇ.

ಬಳ್ಳಾರಿಯಿಂದ, ಇಂಥ ವರದಿ ಮಾಡುವ ಕೆಲಸದವನು

ಸಿಂಧನೂರಿನ ಸರ್ ಹೇಳಿದ್ದೂ ಸರಿ, 37 ಕೂಡ ಸರಿ. 400ರಲ್ಲಿ 110 ಅಂದರೆ 27.5. ಆದರೆ ಆ ಹಂತಕ್ಕೆ ಬಂದಿದ್ದೇ 300 ಜನ, ಅದರಲ್ಲಿ 110 ಅಂದರೆ ಸುಮಾರು 37. ಎಲ್ಲಿ ತೊಂದರೆ ಜಾಸ್ತಿ ಎಂದು ತಿಳಿಯಲು ಎರಡನೆಯದೇ ಬೇಕು. “300 ಜನರಲ್ಲಿ” ಅನ್ನುವ ಮಾತು ಸಾಲಿನಲ್ಲೇ ಇದ್ದರೆ ಗೊಂದಲ ಇಲ್ಲ.

ದೇವದುರ್ಗದ ಮೇಡಂ ಹೇಳಿದ ‘ಮರಳಿ ಬರುವವರು’ ಈ ವರದಿಯಲ್ಲೂ ಇದ್ದಾರೆ. ಸೋಮವಾರ ಬೆಳಿಗ್ಗೆ ಎಣಿಸಿದರೆ, ಭಾನುವಾರ ಸಂಜೆ ಆ್ಯಪ್ ತೆರೆದವನಿಗೆ ಒಂದು ರಾತ್ರಿಯಷ್ಟೇ ಸಮಯ ಸಿಕ್ಕಿರುತ್ತದೆ. ಹಿಂದಿನ ಸೋಮವಾರ ತೆರೆದವನಿಗೆ ಪೂರ್ತಿ ವಾರ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಪ್ರತಿಯೊಬ್ಬರಿಗೂ ತೆರೆದ ದಿನದಿಂದ 7 ದಿನ ಕೊಟ್ಟು ಆಮೇಲೆ ಎಣಿಸಿ. ವರದಿ ಒಂದು ವಾರ ತಡವಾಗುತ್ತದೆ, ಆದರೆ ವಾರ ವಾರಕ್ಕೆ ಹೋಲಿಸಬಹುದು.

ಮೇಷ್ಟ್ರ ಕಾಲುವೆ ನನಗೆ ಇಷ್ಟವಾಯಿತು. ಒಂದು ಅಳುಕು ಮಾತ್ರ ಇದೆ. ಕಾಲುವೆಯಲ್ಲಿ ಕಡಿಮೆಯಾದ ನೀರು ಮೇಲಿನವರ ಗದ್ದೆಗೆ ಹೋಗಿರುತ್ತದೆ. ಇಲ್ಲಿ ಕಡಿಮೆಯಾದವರನ್ನು ಯಾರೂ ತೆಗೆದುಕೊಂಡಿಲ್ಲ.

ಇನ್ನು ಆ 110 ಜನ. ಅವರು ಎರಡನೇ ಸಲ ಓಟಿಪಿ ಕೇಳಿದ್ದಾರಾ ನೋಡಿ. ಕೇಳಿದ್ದರೆ ಅವರಿಗೆ ಒಳಗೆ ಬರುವ ಮನಸ್ಸಿತ್ತು. ಎಣಿಸುವಾಗ ಜನರನ್ನು ಎಣಿಸಿ, ಕೇಳಿದ ಸಲವನ್ನಲ್ಲ. ಇಲ್ಲದಿದ್ದರೆ ಒಬ್ಬನೇ ನಾಲ್ಕು ಜನ ಆಗುತ್ತಾನೆ. ಆಮೇಲೆ ಅವರ ದಾಖಲೆಯಲ್ಲಿ ಈ ಸಾಲು ಇದೆಯಾ ಹುಡುಕಿ:

```
otp_requested
app_start
otp_requested
```

ಓಟಿಪಿ ನೋಡಲು ಮೆಸೇಜ್ ತೆರೆಯುತ್ತಾರೆ. ಮೆಮೊರಿ ಕಡಿಮೆ ಇರುವ ಫೋನು ಅಷ್ಟರಲ್ಲಿ ನಿಮ್ಮ ಆ್ಯಪನ್ನು ಮುಚ್ಚಿಬಿಡುತ್ತದೆ. ವಾಪಸ್ ಬಂದರೆ ಮತ್ತೆ ಮೊದಲ ಪರದೆ. ಮತ್ತೆ ನಂಬರ್, ಮತ್ತೆ ಹೊಸ ಓಟಿಪಿ, ಹಳೆಯದು ನಡೆಯುವುದಿಲ್ಲ. ಮಧ್ಯೆ `app_start` ಇಲ್ಲದೆ ಸುಮ್ನೆ ಮತ್ತೆ ಮತ್ತೆ ಕೇಳಿದ್ದರೆ ಮೆಸೇಜೇ ಬಂದಿಲ್ಲ ಅನ್ನುವ ಅನುಮಾನ ಜಾಸ್ತಿ. ಆದರೆ `app_start` ಅನ್ನೋದು ಆ್ಯಪ್ ಮೊದಲಿನಿಂದ ಶುರುವಾದಾಗ ಮಾತ್ರ ದಾಖಲಾಗುವಂತೆ ಇಟ್ಟಿರಬೇಕು. ಪಕ್ಕಕ್ಕೆ ಹೋಗಿ ಬಂದಾಗಲೆಲ್ಲ ದಾಖಲಾದರೆ ಇದರಿಂದ ಏನೂ ಗೊತ್ತಾಗದು.

ಮತ್ತೆ ರಾಯಚೂರಿನಿಂದ

ಎಲ್ಲರಿಗೂ ತುಂಬಾ ಧನ್ಯವಾದ. ಗಂಗಾವತಿಯ ಅಣ್ಣಾವ್ರೇ, ನಿಮ್ಮದು ನಮ್ಮ ಆ್ಯಪ್ ಅಲ್ಲದಿರಬಹುದು. ಆದರೂ ನಂಬರ್ ಕೇಳುವ ಪರದೆಯಲ್ಲಿ “ಕೈಯಲ್ಲಿರುವ ಫೋನಿನ ನಂಬರ್ ಕೊಡಿ” ಎಂಬ ಸಾಲು ಸೇರಿಸಲು ಹೇಳಿದ್ದೇನೆ.

ಅದೇ ವಾರವನ್ನು ಮತ್ತೆ ಎಣಿಸಿದೆ. 7 ದಿನ ಕೊಟ್ಟಾಗ 110ರಲ್ಲಿ 16 ಜನ ಒಳಗೆ ಬಂದಿದ್ದರು. ಅವರನ್ನು ನಾನು ಬಿಟ್ಟುಹೋದವರು ಎಂದು ಬರೆದಿದ್ದೆ! ಉಳಿದ 94ರಲ್ಲಿ 60 ಜನ ಎರಡು ಸಲಕ್ಕಿಂತ ಕಡಿಮೆಯಿಲ್ಲದೆ ಓಟಿಪಿ ಕೇಳಿದ್ದಾರೆ. ಅವರಲ್ಲಿ 41 ಜನರ ದಾಖಲೆಯಲ್ಲಿ ಮಧ್ಯೆ `app_start` ಇದೆ. ವಾಪಸ್ ಬಂದಾಗ ಓಟಿಪಿ ಪರದೆಯೇ ತೆರೆಯುವಂತೆ ನಮ್ಮ ಆ್ಯಪ್ ಮಾಡುವವರು ಸರಿಪಡಿಸುತ್ತಿದ್ದಾರೆ.

ಈ 60 ಜನರಿಗೆ ‘ಓಟಿಪಿಯಲ್ಲಿ ಸಿಕ್ಕಿಕೊಂಡವರು’ ಎಂದು ಬರೆದೆ. ಹುಡುಗರಿಗೆ ತಕ್ಷಣ ಅರ್ಥವಾಯಿತು. ‘ಮುಟ್ಟಿದವರು’ ಕೂಡ ನಿಂತಿತು. ಫನಲ್‌ಗೆ ಸದ್ಯ ‘ಹಂತವಾರು ಲೆಕ್ಕ’ ಎಂದಿಟ್ಟಿದ್ದೇನೆ, ಅದು ನನಗೇ ಪೂರ್ತಿ ಒಪ್ಪಿಗೆಯಾಗಿಲ್ಲ.

ಕಷ್ಟ ಇರುವುದು ಒಂದೇ ಸಲ ಓಟಿಪಿ ಕೇಳಿ ಸುಮ್ಮನಾದ 34 ಜನರದ್ದು. ಬೇಡ ಅನಿಸಿತೋ, ಸಿಮ್ ಮಗನ ಹತ್ತಿರ ಇತ್ತೋ, ದಾಖಲೆ ಹೇಳುವುದಿಲ್ಲ. ‘ಓಟಿಪಿಗೆ ನಿಂತವರು’ ಎಂದು ಬರೆದಿದ್ದೆ. ಒಬ್ಬ ಹುಡುಗ “ನಿಂತವರು ಅಂದರೆ ನಮ್ಮ ಜೊತೆ ಉಳಿದವರು ತಾನೆ?” ಎಂದ. ‘ಉಳಿದವರು’ ಅಂದರೂ ಅದೇ ಕಥೆ, ಜೊತೆಗೆ ಉಳಿದರೋ ಹಿಂದೆ ಉಳಿದರೋ ತಿಳಿಯುವುದಿಲ್ಲ. ದೇವದುರ್ಗದ ಮೇಡಂ, ‘ಓಟಿಪಿ ಹಂತದಲ್ಲಿ ಹೊರಗುಳಿದವರು’ ಅಂದರೆ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ?