ಸಹಾಯ ಬೇಕು: ಮಗಳ ವಿದೇಶದ ಓದಿಗೆ ಡಾಲರಿನಲ್ಲೇ ಉಳಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾವು ಬದಿಯಡ್ಕದ ಸಮೀಪದ ಅಡಿಕೆ ಕೃಷಿಕರು. ಒಂಬತ್ತನೇ ತರಗತಿಯಲ್ಲಿರುವ ಮಗಳನ್ನು ನಾಲ್ಕು ವರ್ಷಗಳ ನಂತರ ಅಮೆರಿಕಕ್ಕೆ ಓದಲು ಕಳುಹಿಸುವ ಆಲೋಚನೆಯಿದೆ.

ವರ್ಷದ ಶುಲ್ಕ 20,000 ಡಾಲರ್ ಎಂದಿಟ್ಟುಕೊಂಡರೆ, ಡಾಲರಿಗೆ 90 ರೂಪಾಯಿಯಂತೆ ಇಂದು 18 ಲಕ್ಷ ಬೇಕು. ರೂಪಾಯಿ ಕುಸಿದು ಡಾಲರಿನ ಬೆಲೆ ವರ್ಷಕ್ಕೆ ಶೇ. 3ರಷ್ಟು ಏರಿ, ಶುಲ್ಕವೂ ಶೇ. 4ರಷ್ಟು ಏರಿದರೆ, ನಾಲ್ಕು ವರ್ಷಗಳಲ್ಲಿ ಅದೇ ಶುಲ್ಕ ಸುಮಾರು 23.7 ಲಕ್ಷವಾಗುತ್ತದೆ. ಅಂದರೆ ಗುರಿಯೇ ವರ್ಷಕ್ಕೆ ಶೇ. 7ಕ್ಕಿಂತ ತುಸು ಹೆಚ್ಚು ಬೆಳೆಯುತ್ತದೆ. ತೆರಿಗೆ ಕಳೆದ ನಿರಖು ಠೇವಣಿ ಅದನ್ನು ಹಿಂಬಾಲಿಸಲಾರದು.

ಅಬುಧಾಬಿಯಲ್ಲಿರುವ ನನ್ನ ತಮ್ಮ, ನಮ್ಮ ಮಗಳ ಓದಿಗೆಂದು ತನ್ನ ಹೆಸರಿನಲ್ಲಿ ಎಫ್‌ಸಿಎನ್‌ಆರ್ ಠೇವಣಿ, ಅಂದರೆ ಅನಿವಾಸಿ ಭಾರತೀಯರು ಇಲ್ಲಿನ ಬ್ಯಾಂಕಿನಲ್ಲಿ ವಿದೇಶಿ ಹಣದಲ್ಲೇ ಇಡುವ ಠೇವಣಿ, ಇಡುತ್ತೇನೆ ಎಂದಿದ್ದಾನೆ. ಅಸಲು, ಬಡ್ಡಿ ಎರಡೂ ಡಾಲರಿನಲ್ಲೇ ಇರುವುದರಿಂದ ರೂಪಾಯಿ ಕುಸಿದರೂ ಆ ಭಾಗಕ್ಕೆ ಧಕ್ಕೆಯಿಲ್ಲ. ಬೇಕಾದಾಗ ಅವನೇ ನೇರವಾಗಿ ಹೊರದೇಶಕ್ಕೆ ಕಳುಹಿಸಬಹುದು. ಆದರೆ ಅದರಲ್ಲಿ ಅವನ ವಿದೇಶಿ ಗಳಿಕೆಯನ್ನು ಇಡಬಹುದೇ ಹೊರತು ನಮ್ಮ ಅಡಿಕೆಯ ಹಣವನ್ನಲ್ಲ. ಇಲ್ಲಿ ರೂಪಾಯಿ ಕೊಟ್ಟು ಅಲ್ಲಿ ಡಾಲರ್ ಇಡಿಸುವ ದಾರಿಯನ್ನೂ ಕೆಲವರು ಸೂಚಿಸಿದರು. ಅದು ವಿದೇಶಿ ವಿನಿಮಯ ಕಾನೂನಿಗೆ ವಿರುದ್ಧವಾದ್ದರಿಂದ ನಮಗೆ ಬೇಡ.

ಈ ಠೇವಣಿಯ ಅವಧಿ ಒಂದರಿಂದ ಐದು ವರ್ಷ. ವರ್ಷ ತುಂಬುವ ಮೊದಲು ಮುರಿದರೆ ಬಡ್ಡಿಯಿಲ್ಲ. ಹಾಗಾಗಿ ಅನುಭವಸ್ಥರಲ್ಲಿ ಕೇಳುವುದೇನೆಂದರೆ, ಪೂರ್ತಿ ನಾಲ್ಕು ವರ್ಷಕ್ಕೆ ಇಡುವುದು ಲೇಸೋ, ಶುಲ್ಕದ ಕಂತುಗಳಿಗೆ ಹೊಂದುವಂತೆ ಬೇರೆ ಬೇರೆ ಅವಧಿಗೆ ಹಂಚುವುದು ಲೇಸೋ? ನಮ್ಮ ರೂಪಾಯಿ ಉಳಿತಾಯದಲ್ಲಿ ಎಷ್ಟು ಪಾಲನ್ನು ಅಮೆರಿಕದ ಷೇರುಗಳಲ್ಲಿ ತೊಡಗಿಸುವ ಮ್ಯೂಚುವಲ್ ಫಂಡಿಗೆ ಹಾಕಬಹುದು, ಮತ್ತು ಶುಲ್ಕ ಕಟ್ಟುವ ಎಷ್ಟು ಮೊದಲು ಅದನ್ನು ಹಿಂತೆಗೆಯಬೇಕು?