‘ಕುದಿಸಬೇಕು’ ಅಂದಾಗಿನ ಬಾಯಿಗೆ ಏನು ಹೆಸರು?

ಕುಂಬಳೆಯಿಂದ:
ಒಬ್ಬ ಹೆಂಗಸು ಮಲಯಾಳದಲ್ಲಿ ಮಾತಾಡಿದ ಅಡುಗೆ ವಿಡಿಯೊವನ್ನು ಕನ್ನಡಕ್ಕೆ ಡಬ್ ಮಾಡುತ್ತಿದ್ದೇವೆ. ಅವರಿಗೆ ತಮ್ಮ ಮುಖ ತೋರಿಸಲು ಇಷ್ಟವಿಲ್ಲ. ಹಾಗಾಗಿ ನಮ್ಮ ತಂಡದವರೊಬ್ಬರ ಮುಖವನ್ನು, ಅವರ ಒಪ್ಪಿಗೆ ಪಡೆದು, ಕೂರಿಸಿದ್ದೇವೆ. ಬಾಯಿ ಮಾತ್ರ ಹೊಂದುತ್ತಿಲ್ಲ. ‘ಪಾಲ್ ತಿಳಪ್ಪಿಕ್ಕಣಂ’ ಅನ್ನುವಾಗ ತುಟಿ ಮೂರು ಸಲ ಮುಚ್ಚುತ್ತದೆ: ಪಾ, ಪ್ಪಿ, ಕೊನೆಯ ಅಂ. ‘ಹಾಲು ಕುದಿಸಬೇಕು’ ಅನ್ನುವಾಗ ಬೇ ಒಂದಕ್ಕೇ. ಹೀಗೆ ಉಚ್ಚಾರದ ಜೊತೆ ಹೊರಗೆ ಕಾಣುವ ಒಂದೊಂದು ಬಾಯಿಯ ಆಕಾರಕ್ಕೆ ಕನ್ನಡದಲ್ಲಿ ಏನೆನ್ನೋಣ? ‘ಲಿಪ್ ಸಿಂಕ್’ ಇಡೀ ಕೆಲಸದ ಹೆಸರಾಯಿತು.

ಬದಿಯಡ್ಕದಿಂದ:
ಹೊಸ ಪದ ಯಾಕೆ? ವ್ಯಾಕರಣದಲ್ಲಿ ‘ಓಷ್ಠ್ಯ’ ಇದೆಯಲ್ಲ. ಪ, ಫ, ಬ, ಭ, ಮ ಎಲ್ಲ ಅದರಲ್ಲೇ ಬಂತು.

ಉಪ್ಪಳದಿಂದ:
ನನ್ನ ಮಗಳ ಮದುವೆ ವಿಡಿಯೊದಲ್ಲೂ ಇದೇ ಆಗಿತ್ತು. ಮಾತು ತಡವಾಗಿ ಕೇಳುತ್ತಿತ್ತು. ಸ್ಟುಡಿಯೊದವರು ಧ್ವನಿಯನ್ನು ಸ್ವಲ್ಪ ಮುಂಚೆ ಸರಿಸಿದರು, ಸರಿಹೋಯಿತು.

ಕಾಸರಗೋಡಿನಿಂದ (ಎಡಿಟಿಂಗ್ ಕೆಲಸದವನು):
ಉಪ್ಪಳದ ಅಣ್ಣ ಹೇಳಿದ್ದು ಬೇರೆ ತೊಂದರೆ. ಅಲ್ಲಿ ಎಲ್ಲ ಮಾತೂ ಒಂದೇ ಅಳತೆಯಲ್ಲಿ ಹಿಂದೆ ಬಿದ್ದಿರುತ್ತದೆ. ಇಲ್ಲಿ ಬೇ ಸರಿಮಾಡಲು ಧ್ವನಿ ಸರಿಸಿದರೆ ಹಾ ಕೆಡುತ್ತದೆ.

ಮುಖ ಬದಲಿಸುವ ಸಾಫ್ಟ್‌ವೇರ್ ಅಡಿಯಲ್ಲಿರುವ ವಿಡಿಯೊದ ಬಾಯನ್ನೇ ಅನುಸರಿಸುತ್ತದೆ ಅಕ್ಕಾ. ಅಂದರೆ ಹೊಸ ಮುಖವೂ ಮಲಯಾಳವನ್ನೇ ಆಡುತ್ತದೆ. ಆದ್ದರಿಂದ ಮೊದಲು ಮುಖ ಕೂರಿಸಿ, ಆಮೇಲೆ ಕನ್ನಡ ಧ್ವನಿ ಕೊಟ್ಟು Wav2Lip ತರಹದ್ದನ್ನು ಓಡಿಸಿ. ಅದು ಮುಖದ ಕೆಳಗಿನ ಅರ್ಧವನ್ನು ಹೊಸದಾಗಿ ಬರೆಯುತ್ತದೆ. ತಿರುವುಮುರುವು ಮಾಡಿದರೆ ಸರಿಯಾಗಿ ಮುಚ್ಚಿದ ತುಟಿಯೂ ಮುಖ ಬದಲಿಸುವಾಗ ಸ್ವಲ್ಪ ಬಿಟ್ಟುಕೊಳ್ಳಬಹುದು. ಒಂದು ಮಿತಿ ಇದೆ: Wav2Lip ಮುಖವನ್ನು 96×96 ಪಿಕ್ಸೆಲ್‌ಗೆ ಇಳಿಸಿಕೊಂಡು ಕೆಲಸ ಮಾಡುತ್ತದೆ. ಮುಖ ತೀರಾ ಹತ್ತಿರವಿರುವ ಶಾಟ್‌ನಲ್ಲಿ ಹಲ್ಲೆಲ್ಲ ಮಸುಕಾಗುತ್ತದೆ.

ಪರೀಕ್ಷೆ ಮಾಡಲು ಧ್ವನಿ ನಿಲ್ಲಿಸಿ, ಬೇ ಬರುವಲ್ಲಿ ಒಂದೊಂದೇ ಫ್ರೇಮ್ ಮುಂದೆ ಹೋಗಿ. ಸೆಕೆಂಡಿಗೆ 25 ಫ್ರೇಮ್ ಇದ್ದರೆ ಒಂದು ಫ್ರೇಮ್ 40 ಮಿಲಿಸೆಕೆಂಡ್. ಒಂದೆರಡು ಫ್ರೇಮಿನಲ್ಲಾದರೂ ತುಟಿ ಪೂರ್ತಿ ತಾಗಿರಬೇಕು. ನಡುವೆ ಹಲ್ಲು ಕಂಡರೆ ಕೆಟ್ಟಿದೆ ಅಂತ ಲೆಕ್ಕ. ಹಾ ಇರುವಲ್ಲಿ ತುಟಿ ಮುಚ್ಚಿದ್ದರೆ ಮಲಯಾಳದ ಪಾ ಇನ್ನೂ ಉಳಿದಿದೆ.

ಇನ್ನು ಪದದ ವಿಷಯ. ಮಾಷ್ಟ್ರೇ, ಓಷ್ಠ್ಯ ಅಂದರೆ ಸಾಲದು. ವ್ಯಾಕರಣದಲ್ಲಿ ಉ ಕೂಡ ಓಷ್ಠ್ಯವೇ ಅಲ್ವಾ? ಆದರೆ ಪರದೆಯಲ್ಲಿ ಅದು ಬೇರೆ ಆಕಾರ. ‘ಹಾಲು’, ‘ಬೇಕು’ ಎರಡರ ಕೊನೆಯಲ್ಲೂ ತುಟಿ ದುಂಡಗಾಗಿ ತೆರೆದಿರುತ್ತದೆ. ಪ, ಬ, ಮ ಮೂರಕ್ಕೂ ಒಂದೇ ಮುಚ್ಚಿದ ಬಾಯಿ. ಧ್ವನಿ ಇಲ್ಲದೆ ಯಾವುದು ಯಾವುದೆಂದು ಹೇಳಲಾಗದು. ನಾನು ‘ಬಾಯಾಕಾರ’ ಅನ್ನುತ್ತೇನೆ. ಮುಚ್ಚುಬಾಯಿ, ದುಂಡುಬಾಯಿ ಅಂತ ಗುರುತು ಹಾಕಿಕೊಳ್ಳುತ್ತೇನೆ.

ಬದಿಯಡ್ಕದಿಂದ:
ಉ ವಿಷಯ ಒಪ್ಪಿದೆ. ಆದರೆ ‘ಬಾಯಾಕಾರ’ ಅಂದರೆ ಸುಮ್ನೆ ಬಾಯಿ ಹೇಗಿದೆ ಅಂತಲೂ ಆಗುತ್ತದೆ. ಮಾತಿನ ನಂಟು ಅದರಲ್ಲಿಲ್ಲ. ‘ನುಡಿಬಾಯಿ’ ಆಗದೇ?

ಕುಂಬಳೆಯಿಂದ:
ನಮ್ಮ ಹಾಳೆಯಲ್ಲಿ ಮುಚ್ಚುಬಾಯಿ, ದುಂಡುಬಾಯಿ ಬರೆದಾಯಿತು. ನಾವು ಬಾಯಿ ಮೊದಲು, ಮುಖ ಆಮೇಲೆ ಮಾಡಿದ್ದೆವು. ಈಗ ತಿರುಗಿಸಿ ಓಡಿಸುತ್ತಿದ್ದೇವೆ. ಕೆನ್ನೆಯ ಮೇಲ್ಭಾಗ ಮಾತ್ರ ಇನ್ನೂ ‘ಪ್ಪಿ’ಗೆ ಅಲುಗುತ್ತಿದೆ. ಅದಕ್ಕೆ ಯಾರಾದರೂ ಏನಾದರೂ ಮಾಡಿದ್ದೀರಾ?